ಕನ್ಸೋಲಿನ ಯುಎಸ್‌ಬಿ ಪೋರ್ಟ್: ಕೀಬೋರ್ಡ್, ಮೌಸ್, ಆರ್ಕೇಡ್ ಸ್ಟಿಕ್‌ಗಳಿಗೆ ಪ್ರವೇಶ ಎಲ್ಲಿಯವರೆಗೆ?

ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ನಿಂಟೆಂಡೊ ಸ್ವಿಚ್ ಮೂರರಲ್ಲೂ ಯುಎಸ್‌ಬಿ ಪೋರ್ಟ್‌ಗಳಿವೆ. ಕಂಪ್ಯೂಟರಿಗೆ ಚುಚ್ಚುವ ಕೀಬೋರ್ಡಿನ ಪ್ಲಗ್ ಅವುಗಳಲ್ಲಿಯೂ ಸಲೀಸಾಗಿ ಕೂರುತ್ತದೆ. ಆದರೆ ಪ್ಲಗ್ ಕೂತಿತೆಂದ ಮಾತ್ರಕ್ಕೆ ಆ ಕೀಬೋರ್ಡಿನಿಂದ ಆಟ ಆಡಬಹುದೆಂದಲ್ಲ. ಒಂದು ಸಾಧನ ಕೆಲಸ ಮಾಡಬೇಕಾದರೆ ಮೂರು ಹಂತಗಳನ್ನು ದಾಟಬೇಕು. ಅದು ಕನ್ಸೋಲಿಗೆ ತಿಳಿಯುವ ಭಾಷೆಯಲ್ಲಿ ಮಾತನಾಡಬೇಕು, ಕನ್ಸೋಲಿನ ತಯಾರಕರ ಒಪ್ಪಿಗೆ ಅದಕ್ಕಿರಬೇಕು, ಕೊನೆಗೆ ಆಟವನ್ನು ಬರೆದವರೂ ಅದಕ್ಕೆ ಎಡೆ ಮಾಡಿಕೊಟ್ಟಿರಬೇಕು. ಕೀಬೋರ್ಡ್, ಮೌಸ್ ಮತ್ತು ಆರ್ಕೇಡ್ ಸ್ಟಿಕ್‌ಗಳ ಸುತ್ತ ಇಪ್ಪತ್ತೈದು ವರ್ಷಗಳಿಂದ ನಡೆದಿರುವ ವಾದವೆಲ್ಲ ಈ ಮೂರರಲ್ಲಿ ಯಾರ ಮಾತು ಕೊನೆಯದಾಗಬೇಕು ಎಂಬುದರ ಬಗ್ಗೆಯೇ.

## ತಂತಿಯೊಳಗೆ ಏನು ಹರಿಯುತ್ತದೆ

ಯುಎಸ್‌ಬಿ ಮಾನದಂಡದಲ್ಲಿ ಮನುಷ್ಯರು ಕೈಯಿಂದ ಬಳಸುವ ಸಾಧನಗಳಿಗೆಂದೇ ಒಂದು ವರ್ಗವಿದೆ. ಅದರ ಹೆಸರು ಎಚ್‌ಐಡಿ. ಈ ವರ್ಗದ ಸಾಧನವನ್ನು ಚುಚ್ಚಿದೊಡನೆ ಅದು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ತನ್ನಲ್ಲಿ ಎಷ್ಟು ಗುಂಡಿಗಳಿವೆ, ಯಾವ ಬೈಟ್ ಏನನ್ನು ಸೂಚಿಸುತ್ತದೆ ಎಂಬ ವಿವರಗಳೆಲ್ಲ ಆ ಪರಿಚಯದಲ್ಲಿರುತ್ತವೆ. ಅನಂತರ ಕನ್ಸೋಲ್ ನಿಗದಿತ ಅಂತರದಲ್ಲಿ ಕೇಳುತ್ತಾ ಹೋಗುತ್ತದೆ, ಸಾಧನ ತನ್ನ ಸ್ಥಿತಿಯನ್ನು ವರದಿ ಮಾಡುತ್ತಾ ಹೋಗುತ್ತದೆ.

ಕೀಬೋರ್ಡಿನ ಅತಿ ಸರಳ ವರದಿ ಎಂಟು ಬೈಟ್‌ಗಳದ್ದು. ಮೊದಲನೆಯ ಬೈಟ್ ಶಿಫ್ಟ್, ಕಂಟ್ರೋಲ್‌ನಂಥ ಕೀಗಳಿಗೆ ಮೀಸಲು. ಎರಡನೆಯದು ಖಾಲಿ. ಉಳಿದ ಆರರಲ್ಲಿ ಒತ್ತಿಹಿಡಿದ ಕೀಗಳ ಸಂಖ್ಯೆಗಳಿರುತ್ತವೆ. ಆಟಗಾರನೊಬ್ಬ ಮುಂದಕ್ಕೂ ಎಡಕ್ಕೂ ಒಟ್ಟಿಗೆ ಸಾಗಲು W ಮತ್ತು A ಕೀಗಳನ್ನು ಒತ್ತಿದರೆ ಹೋಗುವ ವರದಿ ಇದು:

```
00 00 1A 04 00 00 00 00
```

ಇಲ್ಲಿ 1A ಎಂದರೆ W, 04 ಎಂದರೆ A. ಮೌಸಿನ ಸರಳ ವರದಿ ಇನ್ನೂ ಚಿಕ್ಕದು, ಮೂರೇ ಬೈಟ್: ಗುಂಡಿಗಳು, ಅಡ್ಡಲಾಗಿ ಎಷ್ಟು ಸರಿಯಿತು, ಉದ್ದಕ್ಕೆ ಎಷ್ಟು ಸರಿಯಿತು. ಮೌಸ್ ತಾನು ಎಲ್ಲಿದ್ದೇನೆ ಎಂದು ಎಂದೂ ಹೇಳುವುದಿಲ್ಲ. ಹಿಂದಿನ ವರದಿಯಿಂದ ಈಚೆಗೆ ಎಷ್ಟು ಸರಿದೆ ಎಂದಷ್ಟೇ ಹೇಳುತ್ತದೆ. ಮುಂದೆ ಬರುವ ಪರಿವರ್ತಕಗಳ ತೊಡಕಿಗೆಲ್ಲ ಈ ಗುಣವೇ ಮೂಲ.

ಆರ್ಕೇಡ್ ಸ್ಟಿಕ್ಕಿನೊಳಗೆ ಇರುವುದು ಇದಕ್ಕಿಂತ ಸರಳ. ಲಿವರಿನ ಬುಡದಲ್ಲಿ ನಾಲ್ಕು ಸ್ವಿಚ್‌ಗಳು, ಪ್ರತಿ ಗುಂಡಿಗೊಂದು ಸ್ವಿಚ್, ಅವೆಲ್ಲದರ ತಂತಿಗಳು ಬಂದು ಸೇರುವ ಒಂದು ಸರ್ಕ್ಯೂಟ್ ಬೋರ್ಡ್. ಸಾಮಾನ್ಯವಾಗಿ ಲಿವರಿನ ದಿಕ್ಕನ್ನು ಆ ಬೋರ್ಡ್ ಒಂದೇ ಸಂಖ್ಯೆಯಾಗಿ ಕಳಿಸುತ್ತದೆ. ಮೇಲಕ್ಕೆ 0, ಬಲಕ್ಕೆ 2, ಕೆಳಕ್ಕೆ 4, ಎಡಕ್ಕೆ 6, ಮೂಲೆಗಳಿಗೆ ನಡುವಿನ ಬೆಸಸಂಖ್ಯೆಗಳು. ಲಿವರ್, ಗುಂಡಿ, ತಂತಿ ಇವುಗಳನ್ನು ಯಾರು ಬೇಕಾದರೂ ಕೊಂಡು ಜೋಡಿಸಬಹುದು. ಕನ್ಸೋಲಿನೊಡನೆ ಮಾತನಾಡುವುದು ಬೋರ್ಡ್ ಮಾತ್ರ. ಹಾಗಾಗಿ ಸ್ಟಿಕ್ಕಿನ ಹೊಂದಾಣಿಕೆಯ ಪ್ರಶ್ನೆ ಯಾವಾಗಲೂ ಬೋರ್ಡಿನ ಪ್ರಶ್ನೆಯೇ ಆಗಿರುತ್ತದೆ.

## ತೆರೆದ ಪೋರ್ಟಿನಿಂದ ಕಾವಲಿನ ಪೋರ್ಟಿಗೆ

2000ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 2ರ ಮುಂಭಾಗದಲ್ಲಿ ಎರಡು ಯುಎಸ್‌ಬಿ ಪೋರ್ಟ್‌ಗಳಿದ್ದವು. ಅದರ ಸ್ವಂತ ಕಂಟ್ರೋಲರಿಗೆ ಬೇರೆಯೇ ಬಗೆಯ ಪ್ಲಗ್ ಇದ್ದುದರಿಂದ, ಯುಎಸ್‌ಬಿ ಏನಿದ್ದರೂ ಹೆಚ್ಚುವರಿ ಸಾಧನಗಳಿಗೆ ಉಳಿಯಿತು. ಅನ್‌ರಿಯಲ್ ಟೂರ್ನಮೆಂಟ್, ಹಾಫ್-ಲೈಫ್‌ನಂಥ ಕೆಲವೇ ಆಟಗಳು ಕೀಬೋರ್ಡ್ ಮತ್ತು ಮೌಸನ್ನು ಒಪ್ಪಿಕೊಂಡವು. ಸೋನಿ ಹೊರತಂದ ಲಿನಕ್ಸ್ ಕಿಟ್‌ನಲ್ಲಿ ಎರಡೂ ಜೊತೆಯಾಗಿಯೇ ಬರುತ್ತಿದ್ದವು. 2001ರ ಮೊದಲ ಎಕ್ಸ್‌ಬಾಕ್ಸ್ ಇನ್ನೊಂದು ದಾರಿ ಹಿಡಿಯಿತು. ಅದರ ಕಂಟ್ರೋಲರ್ ಪೋರ್ಟಿನೊಳಗೆ ಹರಿಯುತ್ತಿದ್ದುದು ಯುಎಸ್‌ಬಿ ಸಂಕೇತವೇ. ಆದರೂ ಪ್ಲಗ್ಗಿನ ಆಕಾರ ಬೇರೆಯಾಗಿತ್ತು, ಸಾಧನದ ಭಾಷೆಯೂ ಎಚ್‌ಐಡಿ ಆಗಿರಲಿಲ್ಲ.

ಮುಂದಿನ ತಲೆಮಾರಿನಲ್ಲಿ ಈ ಎರಡು ದಾರಿಗಳು ಇನ್ನಷ್ಟು ದೂರವಾದವು. 2006ರ ಪ್ಲೇಸ್ಟೇಷನ್ 3 ಸಾಮಾನ್ಯ ಎಚ್‌ಐಡಿ ಗೇಮ್‌ಪ್ಯಾಡ್‌ಗಳನ್ನು ಯಾವ ತಕರಾರೂ ಇಲ್ಲದೆ ಸ್ವೀಕರಿಸುತ್ತಿತ್ತು. ಅದರಿಂದಾಗಿ ಮನೆಯಲ್ಲೇ ಸ್ಟಿಕ್ ಕಟ್ಟುವವರ ಕೆಲಸ ಹಗುರಾಯಿತು. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಎಲ್ಲರೂ ಬಲ್ಲ ಯುಎಸ್‌ಬಿ ಪೋರ್ಟೇ ಇತ್ತು. ಆದರೆ ಕಂಟ್ರೋಲರುಗಳು ಮೈಕ್ರೋಸಾಫ್ಟಿನ ಸ್ವಂತ ಭಾಷೆಯಲ್ಲಿ ಮಾತನಾಡಬೇಕಿತ್ತು, ತಮ್ಮ ಗುರುತನ್ನು ಸಾಬೀತುಪಡಿಸುವ ಚಿಪ್ಪನ್ನೂ ಹೊಂದಿರಬೇಕಿತ್ತು. ಕೀಬೋರ್ಡಿನಿಂದ ಸಂದೇಶ ಟೈಪ್ ಮಾಡಬಹುದಿತ್ತೇ ಹೊರತು ಆಟದಲ್ಲಿ ಗುರಿಯಿಡಲು ಮೌಸಿಗೆ ಅವಕಾಶವಿರಲಿಲ್ಲ. ಸ್ಟಿಕ್ ಕಟ್ಟುವ ಹವ್ಯಾಸಿಗಳು ಇದಕ್ಕೊಂದು ಉಪಾಯ ಕಂಡುಕೊಂಡರು. ಪರವಾನಗಿ ಪಡೆದ ಅಗ್ಗದ ಪ್ಯಾಡೊಂದನ್ನು ಬಿಚ್ಚಿ, ಅದರ ಬೋರ್ಡಿನ ಗುಂಡಿಗಳ ಜಾಗಕ್ಕೆ ಸ್ಟಿಕ್ಕಿನ ತಂತಿಗಳನ್ನು ಬೆಸುಗೆ ಹಾಕುತ್ತಿದ್ದರು. ಕನ್ಸೋಲಿನ ಕಣ್ಣಿಗೆ ಅದು ಮಾಮೂಲಿ ಪ್ಯಾಡ್ ಆಗಿಯೇ ಉಳಿಯುತ್ತಿತ್ತು.

2013ರ ಪ್ಲೇಸ್ಟೇಷನ್ 4ರೊಂದಿಗೆ ಸೋನಿ ಕೂಡ ಕಾವಲಿನ ದಾರಿಗೆ ಬಂತು. ಅಲ್ಲಿಂದಾಚೆಗೆ ಕೀಬೋರ್ಡ್-ಮೌಸ್‌ನ ಕಥೆ ಒಂದು, ಆರ್ಕೇಡ್ ಸ್ಟಿಕ್ಕಿನ ಕಥೆ ಇನ್ನೊಂದು ಆಯಿತು.

## ಕೀಬೋರ್ಡ್, ಮೌಸ್: ಕನ್ಸೋಲ್ ಒಪ್ಪಿದರೂ ಆಟ ಒಪ್ಪಬೇಕು

ಇಂದಿನ ಕನ್ಸೋಲ್‌ಗಳಲ್ಲಿ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಬಹುಮಟ್ಟಿಗೆ ಎಲ್ಲೆಡೆಯೂ ಕೆಲಸ ಮಾಡುತ್ತದೆ, ಆದರೆ ಬರೆಯುವುದಕ್ಕೆ ಮಾತ್ರ. ಸ್ವಿಚ್‌ನ ಡಾಕ್‌ಗೆ ಚುಚ್ಚಿದ ಕೀಬೋರ್ಡಿನಿಂದ ತೆರೆಯ ಮೇಲಿನ ಅಕ್ಷರಮಣೆಯ ಬದಲು ಹೆಸರು, ಪಾಸ್‌ವರ್ಡ್ ಟೈಪ್ ಮಾಡಬಹುದು. ಪ್ಲೇಸ್ಟೇಷನ್ 5ರ Settings ಒಳಗಿನ Accessories ವಿಭಾಗದಲ್ಲಿ ಕೀಬೋರ್ಡಿಗೂ ಮೌಸಿಗೂ ಪ್ರತ್ಯೇಕ ಪುಟಗಳಿವೆ. ಕೀಗಳ ವಿನ್ಯಾಸ, ಮೌಸ್ ಬಾಣದ ವೇಗ ಇವುಗಳನ್ನು ಅಲ್ಲಿ ಹೊಂದಿಸಿಕೊಳ್ಳಬಹುದು.

ಆಟದೊಳಗಿನ ಮಾತು ಬೇರೆ. ಆಟ ಬರೆದವರು ಕೀಬೋರ್ಡಿನ ವರದಿಯನ್ನು ಓದುವ ಸಾಲುಗಳನ್ನು ಬರೆದಿದ್ದರೆ ಮಾತ್ರ W ಒತ್ತಿದಾಗ ಪಾತ್ರ ಮುಂದಕ್ಕೆ ಹೋಗುತ್ತದೆ. ಫೈನಲ್ ಫ್ಯಾಂಟಸಿ 14, ಫೋರ್ಟ್‌ನೈಟ್, 2019ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ ಇವುಗಳಲ್ಲಿ ಆ ವ್ಯವಸ್ಥೆಯಿದೆ. ಬಹುಪಾಲು ಆಟಗಳಲ್ಲಿ ಇಲ್ಲ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಮೌಸ್ ಮತ್ತು ಕೀಬೋರ್ಡಿಗೆ ಆಟದೊಳಗೆ ಅಧಿಕೃತ ಬೆಂಬಲ ಬಂದದ್ದು 2018ರ ನವೆಂಬರಿನಲ್ಲಿ. ಆಗಲೂ ಮೈಕ್ರೋಸಾಫ್ಟ್ ಅದನ್ನು ಎಲ್ಲ ಆಟಗಳಿಗೂ ಹೇರಲಿಲ್ಲ, ಬೇಕಾದ ಆಟ ಸೇರಿಕೊಳ್ಳಲಿ ಎಂದು ಬಿಟ್ಟಿತು. 2025ರ ಜೂನಿನಲ್ಲಿ ಬಂದ ಸ್ವಿಚ್ 2ರಲ್ಲಿ ಜಾಯ್-ಕಾನ್ ಕಂಟ್ರೋಲರನ್ನೇ ಅಡ್ಡ ಹಿಡಿದು ಮೌಸಿನಂತೆ ಉಜ್ಜಬಹುದು. ಅಲ್ಲಿಯೂ ಅದನ್ನು ಬಳಸುವುದು ಬಿಡುವುದು ಆಟಕ್ಕೆ ಬಿಟ್ಟದ್ದು.

## ಆರ್ಕೇಡ್ ಸ್ಟಿಕ್: ಎಂಟು ನಿಮಿಷದ ಗಡುವು

ಆರ್ಕೇಡ್ ಸ್ಟಿಕ್ಕಿಗೆ ಇದಕ್ಕೆ ತದ್ವಿರುದ್ಧ ಸ್ಥಿತಿ. ಆಟದ ದೃಷ್ಟಿಯಲ್ಲಿ ಅದೊಂದು ಸಾಮಾನ್ಯ ಕಂಟ್ರೋಲರ್, ಆದ್ದರಿಂದ ಅದಕ್ಕಾಗಿ ಏನನ್ನೂ ಹೊಸದಾಗಿ ಬರೆಯಬೇಕಿಲ್ಲ. ತಡೆ ಇರುವುದು ಕನ್ಸೋಲಿನ ಮಟ್ಟದಲ್ಲಿ.

ಪ್ಲೇಸ್ಟೇಷನ್ 4ರಲ್ಲಿ ಈ ತಡೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಹವ್ಯಾಸಿ ತಂತ್ರಜ್ಞರು ವಿವರವಾಗಿ ದಾಖಲಿಸಿದ್ದಾರೆ. ಸ್ಟಿಕ್ಕನ್ನು ಚುಚ್ಚಿದಾಗ ಕನ್ಸೋಲ್ ಅದಕ್ಕೆ ಅಂದಾಜಿಗೆ ಸಿಗದ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಸ್ಟಿಕ್ಕಿನ ಬೋರ್ಡ್ ತನ್ನೊಳಗಿನ ಗುಪ್ತ ಕೀಲಿಯಿಂದ ಅದಕ್ಕೆ ಡಿಜಿಟಲ್ ಸಹಿ ಹಾಕಿ ಹಿಂದಿರುಗಿಸಬೇಕು. ಆ ಕೀಲಿ ಸೋನಿ ಮಾನ್ಯ ಮಾಡಿದ್ದೇ ಎಂದು ಕನ್ಸೋಲ್ ತಾಳೆ ನೋಡುತ್ತದೆ. ಸಹಿ ಬಾರದಿದ್ದರೂ ಕನ್ಸೋಲ್ ತಕ್ಷಣ ಹೊರಗೆ ಹಾಕುವುದಿಲ್ಲ, ಸುಮಾರು ಎಂಟು ನಿಮಿಷ ಕಾಯುತ್ತದೆ. ಅಷ್ಟರಲ್ಲಿ ಒಂದೆರಡು ಪಂದ್ಯ ಮುಗಿದಿರುತ್ತದೆ. ಮೂರನೆಯ ಪಂದ್ಯದ ನಡುವೆ ಸ್ಟಿಕ್ ಏಕಾಏಕಿ ಸತ್ತುಹೋಗುತ್ತದೆ. ಕಳಚಿ ಮತ್ತೆ ಚುಚ್ಚಿದರೆ ಇನ್ನೊಂದು ಎಂಟು ನಿಮಿಷ. ಹೀಗೆ ಲೆಕ್ಕ ಹಾಕಿದಂತೆ ಸ್ಟಿಕ್ ನಿಂತರೆ ತಂತಿಯಲ್ಲಿ ದೋಷ ಹುಡುಕುವುದು ವ್ಯರ್ಥ. ಸಡಿಲವಾದ ತಂತಿ ಗಡಿಯಾರ ನೋಡಿ ಕೈಕೊಡುವುದಿಲ್ಲ.

ಹಳೆಯ ಸ್ಟಿಕ್ಕುಗಳನ್ನು ಉಳಿಸಲು ಆಟದ ತಯಾರಕರೇ ಒಂದು ಬದಿದಾರಿ ಮಾಡಿಕೊಟ್ಟ ಉದಾಹರಣೆಯೂ ಇದೆ. ಸ್ಕಲ್‌ಗರ್ಲ್ಸ್ ಆಟವನ್ನು ರೂಪಿಸಿದ ಲ್ಯಾಬ್ ಜೀರೋ ಸಂಸ್ಥೆ, ಪ್ಲೇಸ್ಟೇಷನ್ 3ರ ಕಾಲದ ಸ್ಟಿಕ್ಕುಗಳನ್ನು ಆಟದೊಳಗಿನಿಂದಲೇ ನೇರವಾಗಿ ಓದುವ ತಂತ್ರಾಂಶವನ್ನು ಪ್ಲೇಸ್ಟೇಷನ್ 4ಕ್ಕಾಗಿ ಬರೆಯಿತು. ಅದೇ ಬಗೆಯ ಬೆಂಬಲ 2016ರ ಸ್ಟ್ರೀಟ್ ಫೈಟರ್ 5ರಲ್ಲಿಯೂ ಬಂತು. ಮೆನುವಿನಲ್ಲಿ ಕೆಲಸ ಮಾಡದ ಸ್ಟಿಕ್ ಆಟದೊಳಗೆ ಕೆಲಸ ಮಾಡುವ ವಿಚಿತ್ರ ಸ್ಥಿತಿ ಆಗ ಉಂಟಾಯಿತು.

ಪ್ಲೇಸ್ಟೇಷನ್ 5 ಮತ್ತೊಂದು ಪದರ ಸೇರಿಸಿತು. ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4 ಕಂಟ್ರೋಲರ್ ಪ್ಲೇಸ್ಟೇಷನ್ 5ರಲ್ಲಿ ಪ್ಲೇಸ್ಟೇಷನ್ 4ರ ಆಟಗಳಿಗಷ್ಟೇ ಸಲ್ಲುತ್ತದೆ ಎಂದು ಸೋನಿ 2020ರ ಆಗಸ್ಟಿನಲ್ಲಿ ತಿಳಿಸಿತು. ಅದೇ ಪ್ರಕಟಣೆಯಲ್ಲಿ ಪರವಾನಗಿ ಪಡೆದ ಆರ್ಕೇಡ್ ಸ್ಟಿಕ್, ರೇಸಿಂಗ್ ವೀಲ್‌ಗಳು ಹೊಸ ಆಟಗಳಲ್ಲಿಯೂ ನಡೆಯುತ್ತವೆ ಎಂಬ ರಿಯಾಯಿತಿಯಿತ್ತು. ಆದರೂ ಪ್ರತಿಯೊಂದು ಆಟ ಹಳೆಯ ಸ್ಟಿಕ್ಕನ್ನು ಗುರುತಿಸುತ್ತದೆಂಬ ಭರವಸೆ ಅದರಲ್ಲಿರಲಿಲ್ಲ. ಹೋರಿ ಕಂಪನಿಯ ಫೈಟಿಂಗ್ ಸ್ಟಿಕ್ ಆಲ್ಫಾದಂಥ ಸಾಧನಗಳಲ್ಲಿ ಪ್ಲೇಸ್ಟೇಷನ್ 5, ಪ್ಲೇಸ್ಟೇಷನ್ 4, ಕಂಪ್ಯೂಟರ್ ಎಂದು ಮೂರು ಸ್ಥಾನಗಳ ಒಂದು ಸ್ವಿಚ್ ಇರುವುದು ಇದೇ ಕಾರಣಕ್ಕೆ. ಸ್ವಿಚ್ಚಿನ ಸ್ಥಾನ ಬದಲಾದರೆ ಸಾಧನ ಹೇಳಿಕೊಳ್ಳುವ ಪರಿಚಯವೂ ಬದಲಾಗುತ್ತದೆ. ಸ್ಟಿಕ್ ಹಾಳಾಗಿದೆ ಎಂಬ ದೂರಿನ ಹಿಂದೆ ಹಲವು ಸಲ ತಪ್ಪು ಸ್ಥಾನದಲ್ಲಿರುವ ಈ ಸ್ವಿಚ್ಚೇ ಇರುತ್ತದೆ.

ಎಕ್ಸ್‌ಬಾಕ್ಸ್‌ನಲ್ಲಿ ಬಿಗಿ ಇನ್ನೂ ಹೆಚ್ಚು. 2023ರ ನವೆಂಬರ್‌ನಿಂದ ಪರವಾನಗಿಯಿಲ್ಲದ ಸಾಧನಗಳನ್ನು ಅದು ತಡೆಯತೊಡಗಿತು. ಅಂಥ ಸಾಧನವನ್ನು ಚುಚ್ಚಿದಾಗ ಮೊದಲು ಎಚ್ಚರಿಕೆ ಬರುತ್ತಿತ್ತು, ಎರಡು ವಾರದ ಗಡುವು ಮುಗಿದ ಮೇಲೆ `0x82d60002` ಎಂಬ ದೋಷಸಂಕೇತದೊಂದಿಗೆ ಬಾಗಿಲು ಮುಚ್ಚುತ್ತಿತ್ತು. ಸ್ವಿಚ್‌ನ ತಂತಿಯ ಕಂಟ್ರೋಲರುಗಳಿಗೆ ಇಂಥ ಸಹಿಯ ಪರೀಕ್ಷೆ ಇರಲಿಲ್ಲ. ಆದ್ದರಿಂದ ರಾಸ್ಪ್‌ಬೆರಿ ಪೈ ಪಿಕೊದಂಥ ಪುಟ್ಟ ಬೋರ್ಡಿಗೆ ಜಿಪಿ2040-ಸಿಇ ಎಂಬ ಮುಕ್ತ ತಂತ್ರಾಂಶ ತುಂಬಿ ಕಟ್ಟಿದ ಸ್ಟಿಕ್ ಸ್ವಿಚ್‌ನಲ್ಲಿ ನೇರವಾಗಿ ನಡೆಯುತ್ತದೆ. ಪ್ಲೇಸ್ಟೇಷನ್‌ನಲ್ಲಿ ಅದೇ ಸ್ಟಿಕ್ ನಡೆಯಬೇಕಾದರೆ ಪರವಾನಗಿಯುಳ್ಳ ಇನ್ನೊಂದು ಸಾಧನವನ್ನು ಅದರ ಬೆನ್ನಿಗೆ ಚುಚ್ಚಿ, ಕನ್ಸೋಲಿನ ಪ್ರಶ್ನೆಯನ್ನು ಅದಕ್ಕೆ ದಾಟಿಸಿ ಸಹಿ ಪಡೆಯಬೇಕಾಗುತ್ತದೆ.

## ಪರಿವರ್ತಕದ ಲೆಕ್ಕ

ಆಟ ಮೌಸನ್ನು ಒಪ್ಪದಿದ್ದಾಗ ಜನ ಮೊರೆ ಹೋಗುವುದು ಕ್ಸಿಮ್‌ನಂಥ ಪರಿವರ್ತಕಗಳಿಗೆ. ಮೌಸ್, ಕೀಬೋರ್ಡ್ ಮತ್ತು ಒಂದು ಅಸಲಿ ಕಂಟ್ರೋಲರ್ ಮೂರನ್ನೂ ಈ ಪೆಟ್ಟಿಗೆಗೆ ಚುಚ್ಚಬೇಕು. ಕನ್ಸೋಲಿನ ಗುರುತಿನ ಪರೀಕ್ಷೆಗೆ ಅಸಲಿ ಕಂಟ್ರೋಲರ್ ಉತ್ತರ ಕೊಡುತ್ತದೆ. ಮೌಸಿನ ಚಲನೆಯನ್ನು ಪೆಟ್ಟಿಗೆಯು ಕಂಟ್ರೋಲರಿನ ಬಲಗಡೆಯ ಕಡ್ಡಿಯ ವಾಲುವಿಕೆಯಾಗಿ ಬದಲಿಸಿ ಕಳಿಸುತ್ತದೆ.

ಈ ಬದಲಾವಣೆ ಎಂದಿಗೂ ಪೂರ್ಣವಾಗುವುದಿಲ್ಲ. ಮೌಸ್ ಹೇಳುವುದು ದೂರ, ಕಡ್ಡಿ ಹೇಳುವುದು ವೇಗ. ಒಂದು ಆಟದಲ್ಲಿ ಕಡ್ಡಿಯನ್ನು ಪೂರ್ತಿ ವಾಲಿಸಿದಾಗ ನೋಟ ಸೆಕೆಂಡಿಗೆ 240 ಡಿಗ್ರಿ ತಿರುಗುತ್ತದೆ ಎಂದಿಟ್ಟುಕೊಳ್ಳಬಹುದು. ಹಿಂದೆ ಬಂದ ಎದುರಾಳಿಯತ್ತ ತಿರುಗಲು ಆಟಗಾರ ಮೌಸನ್ನು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಸರಕ್ಕನೆ ಎಳೆದು 180 ಡಿಗ್ರಿ ಕೇಳುತ್ತಾನೆ. ಅಂದರೆ ಸೆಕೆಂಡಿಗೆ 900 ಡಿಗ್ರಿ ವೇಗ ಬೇಕು. ಆಟ ಕೊಡುವುದು 240 ಮಾತ್ರ. ಕೈ ನಿಂತ ಮೇಲೂ ತಿರುಗುವುದು ಮುಗಿಯಲು ಒಟ್ಟು ಮುಕ್ಕಾಲು ಸೆಕೆಂಡ್ ಹಿಡಿಯುತ್ತದೆ, ಇಲ್ಲವೇ ಪೆಟ್ಟಿಗೆ ಉಳಿದ ಚಲನೆಯನ್ನು ಕೈಬಿಡುತ್ತದೆ.

ಇನ್ನೊಂದು ತುದಿಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯಿದೆ. ಕಡ್ಡಿ ತಾನಾಗಿ ಕೊಂಚ ಅಲುಗಿದರೂ ನೋಟ ಜರುಗಬಾರದೆಂದು ಆಟಗಳು ನಡುವಿನ ಸ್ವಲ್ಪ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೌಸಿನ ನವಿರಾದ ಚಲನೆಗಳು ಆ ಜಾಗದಲ್ಲೇ ಕಳೆದುಹೋಗುತ್ತವೆ. ಅವು ಕಾಣಿಸಬೇಕಾದರೆ ಪೆಟ್ಟಿಗೆಯು ಪ್ರತಿ ಆಟದ ಆ ಜಾಗದ ಅಳತೆಯನ್ನು ತಿಳಿದು, ಅದರ ಆಚೆಯಿಂದಲೇ ಎಣಿಕೆ ಶುರುಮಾಡಬೇಕು. ಪರಿವರ್ತಕಗಳಲ್ಲಿ ಆಟಕ್ಕೊಂದು ಹೊಂದಾಣಿಕೆ ಇರುವುದು ಈ ಕಾರಣಕ್ಕೆ. ದೊಡ್ಡ ತಿರುವಿನಲ್ಲಿ ಜಡತೆ, ಸಣ್ಣ ಗುರಿಯಲ್ಲಿ ಜಿಗಿತ ಇವೆರಡೂ ಒಟ್ಟಿಗೆ ಕಂಡರೆ ಮೌಸ್ ನೇರವಾಗಿ ಅಲ್ಲ, ಕಡ್ಡಿಯ ವೇಷದಲ್ಲಿ ಆಟಕ್ಕೆ ತಲುಪುತ್ತಿದೆ ಎಂದರ್ಥ.

## ವಾದದ ನಾಲ್ಕು ಬಣಗಳು

ಮೊದಲನೆಯದು ತೆರೆದ ಪೋರ್ಟಿನ ಬಣ. ಯುಎಸ್‌ಬಿ ಎಲ್ಲರಿಗೂ ಸೇರಿದ ಮಾನದಂಡ, ದುಡ್ಡು ಕೊಟ್ಟು ಕೊಂಡ ಯಂತ್ರಕ್ಕೆ ಯಾವ ಸಾಧನ ಚುಚ್ಚಬೇಕೆಂಬುದು ಕೊಂಡವರ ಹಕ್ಕು ಎಂಬುದು ಇವರ ನಿಲುವು. ಪ್ಲೇಸ್ಟೇಷನ್ 3ರ ಕಾಲದಲ್ಲಿ ಸ್ಟಿಕ್ ಕಟ್ಟುವ ಹವ್ಯಾಸ ಹೇಗೆ ಹಬ್ಬಿತೆಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಆನ್‌ಲೈನ್ ಪಂದ್ಯದ ಎದುರಾಳಿಗೆ ಆಗುವ ಅನ್ಯಾಯದ ಬಗ್ಗೆ ಮಾತ್ರ ಅದರ ಬಳಿ ಹೆಚ್ಚು ಹೇಳಲು ಇಲ್ಲ.

ಎರಡನೆಯದು ಪರವಾನಗಿಯ ಬಣ. ಸಾಧನದ ಗುಣಮಟ್ಟ, ಸುರಕ್ಷತೆ ಮತ್ತು ಮೋಸದ ತಡೆ ಕನ್ಸೋಲ್ ತಯಾರಕರ ಹೊಣೆ ಎಂದು ಅದು ಹೇಳುತ್ತದೆ. ಪರವಾನಗಿ ಒಂದು ಆದಾಯದ ಮೂಲವೂ ಹೌದು ಎಂಬುದನ್ನು ವಿರೋಧಿಗಳು ನೆನಪಿಸುತ್ತಾರೆ. ಅಸಲಿ ಕಂಟ್ರೋಲರನ್ನೇ ಜಾಮೀನಾಗಿಟ್ಟುಕೊಂಡು ಒಳಬರುವ ಪರಿವರ್ತಕವನ್ನು ಸಹಿಯ ಪರೀಕ್ಷೆಯೊಂದೇ ಹಿಡಿಯಲಾರದು ಎಂಬುದು ಈ ಬಣದ ಎದುರಿರುವ ತಾಂತ್ರಿಕ ತೊಡಕು.

ಮೂರನೆಯ ಬಣದ ಪ್ರಕಾರ ತೀರ್ಮಾನ ಆಟದ ಮಟ್ಟದಲ್ಲೇ ಆಗಬೇಕು. ಓವರ್‌ವಾಚ್ ಆಟದ ಮುಖ್ಯಸ್ಥರಾಗಿದ್ದ ಜೆಫ್ ಕಪ್ಲಾನ್ 2017ರಲ್ಲಿ ಕನ್ಸೋಲ್ ತಯಾರಕರ ಮುಂದೆ ಎರಡೇ ದಾರಿ ಇಟ್ಟಿದ್ದರು: ಮೌಸ್ ಮತ್ತು ಪರಿವರ್ತಕಗಳನ್ನು ಪೂರ್ತಿ ನಿಷೇಧಿಸಿ, ಇಲ್ಲವೇ ಎಲ್ಲರಿಗೂ ಮುಕ್ತವಾಗಿ ಬೆಂಬಲಿಸಿ. ಆಚರಣೆಗೆ ಬಂದದ್ದು ಮಾತ್ರ ಮೂರನೆಯ ದಾರಿ. ಮೌಸ್ ಹಿಡಿದವರನ್ನು ಮೌಸ್ ಹಿಡಿದವರೊಡನೆ ಆಡಿಸುವ ಪದ್ಧತಿಯನ್ನು ಫೋರ್ಟ್‌ನೈಟ್, ಕಾಲ್ ಆಫ್ ಡ್ಯೂಟಿಯಂಥ ಆಟಗಳು ತಂದವು. ಕಂಟ್ರೋಲರ್ ಹಿಡಿದವರಿಗೆ ಆಟ ಗುರಿ ಹಿಡಿಯಲು ಕೊಂಚ ನೆರವು ಕೊಡುತ್ತದೆ. ಪರಿವರ್ತಕ ಬಳಸುವವನಿಗೆ ಮೌಸಿನ ಚುರುಕೂ ಆ ನೆರವೂ ಎರಡೂ ಸಿಗುತ್ತವೆ. ತಕರಾರಿನ ತಿರುಳು ಇದು. ಯೂಬಿಸಾಫ್ಟ್ 2023ರಲ್ಲಿ ರೇನ್‌ಬೋ ಸಿಕ್ಸ್ ಸೀಜ್‌ಗೆ ತಂದ ಮೌಸ್‌ಟ್ರ್ಯಾಪ್ ಎಂಬ ವ್ಯವಸ್ಥೆ ಚಲನೆಯ ಲಕ್ಷಣದಿಂದಲೇ ಪರಿವರ್ತಕವನ್ನು ಗುರುತಿಸುತ್ತದೆ. ಬಳಸುವವನನ್ನು ಹೊರಹಾಕುವ ಬದಲು, ಅವನ ಪ್ರತಿ ಒತ್ತುವಿಕೆಗೂ ಪಂದ್ಯದಿಂದ ಪಂದ್ಯಕ್ಕೆ ಬೆಳೆಯುವ ವಿಳಂಬವನ್ನು ಅದು ಆಗ ಸೇರಿಸುತ್ತಿತ್ತು.

ನಾಲ್ಕನೆಯದು ಅಂಗವಿಕಲ ಆಟಗಾರರ ದನಿ. ಎರಡು ಕೈಗಳಿಂದ ಕಂಟ್ರೋಲರ್ ಹಿಡಿಯಲಾಗದವರಿಗೆ ಮೌಸ್, ದೊಡ್ಡ ಗುಂಡಿಗಳು, ಪರಿವರ್ತಕಗಳು ಆಟಕ್ಕಿರುವ ಏಕೈಕ ದಾರಿಯಾಗಿರಬಹುದು. 2018ರ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಈ ಬೇಡಿಕೆಗೆ ಸಿಕ್ಕ ಅಧಿಕೃತ ಉತ್ತರ. ಹೊರಗಿನ ಗುಂಡಿಗಳಿಗಾಗಿ ಅದರ ಹಿಂಬದಿಯಲ್ಲಿ 3.5 ಮಿ.ಮೀ. ಜ್ಯಾಕ್‌ಗಳ ಸಾಲೇ ಇದೆ, ಜಾಯ್‌ಸ್ಟಿಕ್‌ಗಳಿಗಾಗಿ ಎರಡು ಯುಎಸ್‌ಬಿ ಪೋರ್ಟ್‌ಗಳಿವೆ. ಸೋನಿಯ ಆ್ಯಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರಿನಲ್ಲಿ ಬಂತು. ಆದರೂ ಮೌಸನ್ನೇ ನೆಚ್ಚಿಕೊಂಡವರಿಗೆ ಇವು ಮೌಸಿನ ಬದಲಿಯಾಗುವುದಿಲ್ಲ.

## ಏನು ಎಲ್ಲಿ ತಡೆಯಿತೆಂದು ತಿಳಿಯುವ ಬಗೆ

ಚುಚ್ಚಿದ ಸಾಧನ ಕೆಲಸ ಮಾಡದಿದ್ದಾಗ, ಮೂರು ಹಂತಗಳಲ್ಲಿ ಯಾವುದು ತಡೆಯಿತೆಂಬುದನ್ನು ಲಕ್ಷಣದಿಂದಲೇ ಹೇಳಬಹುದು. ಮೆನುವಿನಲ್ಲಿಯೂ ಅಕ್ಷರ ಮೂಡದಿದ್ದರೆ ತೊಡಕು ಭಾಷೆಯ ಮಟ್ಟದಲ್ಲಿದೆ. ಬಣ್ಣದ ದೀಪಗಳ ಗೇಮಿಂಗ್ ಕೀಬೋರ್ಡ್‌ಗಳು ತಮ್ಮನ್ನು ಒಂದಕ್ಕಿಂತ ಹೆಚ್ಚು ಸಾಧನಗಳಾಗಿ ಪರಿಚಯಿಸಿಕೊಳ್ಳುವುದುಂಟು, ಅದು ಕೆಲವು ಕನ್ಸೋಲ್‌ಗಳಿಗೆ ಅರ್ಥವಾಗುವುದಿಲ್ಲ. ಸಾದಾ ಕೀಬೋರ್ಡ್ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಮೆನುವಿನಲ್ಲಿ ಟೈಪ್ ಆಗಿ ಆಟದಲ್ಲಿ ಆಗದಿದ್ದರೆ ಬೆಂಬಲ ಇಲ್ಲದಿರುವುದು ಆಟದಲ್ಲಿ, ಕೀಬೋರ್ಡ್ ಬದಲಿಸಿ ಫಲವಿಲ್ಲ. ಕೆಲ ನಿಮಿಷ ನಡೆದು ನಿಂತರೆ ಅಥವಾ ದೋಷಸಂಕೇತ ಕಂಡರೆ ತಡೆ ಪರವಾನಗಿಯದ್ದು.

## ಇತ್ಯರ್ಥವಾಗದೆ ಉಳಿದವು

ಲಿವರಿಲ್ಲದ, ದಿಕ್ಕುಗಳಿಗೂ ಗುಂಡಿಗಳನ್ನೇ ಬಳಸುವ ಸ್ಟಿಕ್ಕುಗಳು ಒಂದು ಹೊಸ ಪ್ರಶ್ನೆ ತಂದಿವೆ. ಲಿವರನ್ನು ಒಂದೇ ಸಲ ಎಡಕ್ಕೂ ಬಲಕ್ಕೂ ವಾಲಿಸಲಾಗದು. ಆದರೆ ಎಡ-ಬಲ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಬಹುದು. ದಿಕ್ಕಿನ ಸಂಖ್ಯೆಗಳಲ್ಲಿ ಇದಕ್ಕೆ ಸ್ಥಾನವಿಲ್ಲದ ಕಾರಣ ಏನು ಕಳಿಸಬೇಕೆಂದು ಬೋರ್ಡೇ ನಿರ್ಧರಿಸಬೇಕು. ಆ ನಿರ್ಧಾರದಿಂದ ಕೆಲವು ಹೊಡೆತಗಳು ಸುಲಭವಾಗುತ್ತವೆ. 2023ರಿಂದ ಕ್ಯಾಪ್‌ಕಾಮ್ ಪ್ರೊ ಟೂರ್‌ನ ನಿಯಮದಲ್ಲಿ ವಿರುದ್ಧ ದಿಕ್ಕುಗಳು ಒಟ್ಟಿಗೆ ಬಂದರೆ ನಡುವಿನ ಸ್ಥಿತಿಯೇ ಉತ್ತರವಾಗಬೇಕು. ಅದು ಒಂದು ಪಂದ್ಯಾವಳಿಯ ನಿಯಮ. ಅದನ್ನು ಬೋರ್ಡ್ ಪಾಲಿಸಬೇಕೆ, ಆಟ ಪಾಲಿಸಬೇಕೆ, ಕನ್ಸೋಲ್ ಪಾಲಿಸಬೇಕೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರವಿಲ್ಲ.

ಒಂದು ತಲೆಮಾರಿನ ಪರವಾನಗಿ ಮುಂದಿನ ತಲೆಮಾರಿನಲ್ಲಿ ಎಷ್ಟು ಕಾಲ ಸಲ್ಲಬೇಕು ಎಂಬುದು ಎರಡನೆಯ ಪ್ರಶ್ನೆ. ಸ್ಟಿಕ್ಕಿನ ಲಿವರ್, ಗುಂಡಿಗಳನ್ನು ಬದಲಿಸುತ್ತಾ ಹೋಗಬಹುದು. ಅದರ ಬೋರ್ಡ್ ಮಾತ್ರ ಕನ್ಸೋಲಿನ ಆಯಸ್ಸಿಗೆ ಕಟ್ಟುಬಿದ್ದಿದೆ. ಮೂರನೆಯದು ಎಲ್ಲಕ್ಕಿಂತ ಜಟಿಲ. ಚಲನೆಯ ಲಕ್ಷಣ ನೋಡಿ ಪರಿವರ್ತಕ ಹಿಡಿಯುವ ತಂತ್ರಾಂಶಕ್ಕೆ, ಮೇಲುಗೈಗಾಗಿ ಮೌಸ್ ಹಿಡಿದವನೂ ಬೇರೆ ದಾರಿಯಿಲ್ಲದೆ ಮೌಸ್ ಹಿಡಿದವನೂ ಒಂದೇ ರೀತಿ ಕಾಣುತ್ತಾರೆ. ಅವರಿಬ್ಬರ ನಡುವಿನ ವ್ಯತ್ಯಾಸ ಯುಎಸ್‌ಬಿ ವರದಿಯ ಯಾವ ಬೈಟಿನಲ್ಲಿಯೂ ಇರುವುದಿಲ್ಲ.